ಕ್ರಶ್ ಕಾಲೆಳೆದಾಗ ಏನು ಹೇಳಬೇಕು? ಮಾತನ್ನು ಒಂದೇ ಮೆಟ್ಟಿಲು ಏರಿಸುವ ಬಗೆ

ಮನಸ್ಸಿಗೆ ಹಿಡಿಸಿದವರು ತಾವಾಗಿಯೇ ನಿಮ್ಮ ಕಾಲೆಳೆದರೆ ಅರ್ಧ ಕೆಲಸ ಅವರೇ ಮಾಡಿಕೊಟ್ಟಂತೆ. ಮಾತು ಶುರು ಮಾಡಿದ್ದು ಅವರು, ವಿಷಯ ಆರಿಸಿದ್ದು ಅವರು, ಇಷ್ಟು ಸಲಿಗೆ ನಡೆಯುತ್ತದೆ ಎಂದು ತೋರಿಸಿದ್ದೂ ಅವರೇ. ನಿಮಗೆ ಉಳಿದಿರುವುದು ಎರಡು ಕೆಲಸ. ಆ ಕೀಟಲೆಯನ್ನು ನಗುತ್ತಾ ಒಪ್ಪಿಕೊಳ್ಳಬೇಕು, ಆಮೇಲೆ ಮಾತನ್ನು ಒಂದು ಮೆಟ್ಟಿಲು ಮಾತ್ರ ಮೇಲಕ್ಕೆ ಒಯ್ದು ಚೆಂಡನ್ನು ಅವರ ಕೈಗೆ ಕೊಡಬೇಕು. ಹೆಚ್ಚಿನವರು ಮೊದಲನೆಯದರಲ್ಲೇ ಎಡವುತ್ತಾರೆ. ಅಲ್ಲಿ ದಾಟಿದವರು ಎರಡನೆಯದರಲ್ಲಿ ಒಂದರ ಬದಲು ಮೂರು ಮೆಟ್ಟಿಲು ಹಾರಿ ಬೀಳುತ್ತಾರೆ.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನಿಮಗೆ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುವ ಅಭ್ಯಾಸ. ಒಂದು ಮಧ್ಯಾಹ್ನ ಅವರಿಂದ ಹೀಗೊಂದು ಸಾಲು ಬರುತ್ತದೆ:

"ನಿನ್ನ ವಾಯ್ಸ್ ಮೆಸೇಜ್ ಕೇಳೋಕೆ ಅರ್ಧ ದಿನ ರಜೆ ಹಾಕ್ಬೇಕು."

ಮೊದಲು ಆ ಸಾಲನ್ನು ಬಿಡಿಸಿ ನೋಡಿ

ಇಂಥ ಮಾತಿನಲ್ಲಿ ಸಾಮಾನ್ಯವಾಗಿ ಮೂರು ಪದರ ಇರುತ್ತವೆ. ಒಂದು, ನಿಜದ ತುಣುಕು: ನಿಮ್ಮ ಮೆಸೇಜ್ ಉದ್ದ ಇದ್ದದ್ದು ಹೌದು. ಎರಡು, ಉತ್ಪ್ರೇಕ್ಷೆ: ಅರ್ಧ ದಿನದ ರಜೆ. ಇದು ನಿಜವಲ್ಲ ಎಂದು ಇಬ್ಬರಿಗೂ ಗೊತ್ತು, ಹಾಗಾಗಿಯೇ ಇದು ದೂರಲ್ಲ, ತಮಾಷೆ. ಮೂರನೆಯದು ಅವರು ಬಾಯಿಬಿಟ್ಟು ಹೇಳದೆ ಹೇಳಿದ್ದು: ಉದ್ದ ಎಷ್ಟು ಎಂದು ಗೊತ್ತಾಗಬೇಕಾದರೆ ಅದನ್ನು ತೆರೆದಿರಬೇಕು, ಬಹುಶಃ ಕೊನೆಯವರೆಗೂ ಕೇಳಿರಬೇಕು. ನೀವು ಏರಬೇಕಾದ ಮೆಟ್ಟಿಲು ಸಾಮಾನ್ಯವಾಗಿ ಈ ಮೂರನೆಯ ಪದರದಲ್ಲೇ ಸಿಗುತ್ತದೆ.

ಆದರೆ ಗಾಬರಿಯಲ್ಲಿ ನಮ್ಮ ಕಿವಿಗೆ ಬೀಳುವುದು ಮೊದಲ ಪದರ ಮಾತ್ರ. "ಸಾರಿ, ಬಸ್ಸಲ್ಲಿ ನಿಂತಿದ್ದೆ, ಟೈಪ್ ಮಾಡೋಕೆ ಆಗ್ಲಿಲ್ಲ" ಎಂದು ವಿವರಣೆ ಕೊಡಲು ಹೊರಡುತ್ತೇವೆ. ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಬ್ರಿಟನ್ನಿನ ಸಂಶೋಧಕ ಪಾಲ್ ಡ್ರೂ 1987ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಜನರ ನಿಜವಾದ ಮಾತುಕತೆಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದ್ದರು. ಕಾಲೆಳೆಸಿಕೊಂಡವರು ಬಹುತೇಕ ಸಲ ಗಂಭೀರವಾಗಿಯೇ ಉತ್ತರಿಸುತ್ತಾರೆ, ಅದು ತಮಾಷೆ ಎಂದು ಗೊತ್ತಿದ್ದೂ, ಕೆಲವೊಮ್ಮೆ ನಗುತ್ತಲೇ, ನಿಜ ಏನೆಂದು ತಿದ್ದಲು ಹೋಗುತ್ತಾರೆ ಎಂಬುದು ಅವರಿಗೆ ಕಂಡದ್ದು. ಅವರು ಗಮನಿಸಿದ ಇನ್ನೊಂದು ಸಂಗತಿಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಲೆಳೆತ ಶುರುವಾಗುವುದು ಹೆಚ್ಚಾಗಿ ನಾವು ಏನನ್ನಾದರೂ ಸ್ವಲ್ಪ ಅತಿ ಮಾಡಿದಾಗ: ಅತಿಯಾಗಿ ಗೊಣಗಿದಾಗ, ಕೊಚ್ಚಿಕೊಂಡಾಗ, ಹೇಳಿದ್ದನ್ನೇ ಹೇಳಿದಾಗ. ಆದ್ದರಿಂದ "ನಾನು ಈಗ ಯಾವುದನ್ನು ಅತಿ ಮಾಡಿದೆ?" ಎಂದು ಕೇಳಿಕೊಂಡರೆ ಕೀಟಲೆಯ ಗುರಿ ತಟ್ಟನೆ ಕಾಣುತ್ತದೆ. ಗುರಿ ಕಂಡಮೇಲೆ ಒಪ್ಪಿಕೊಳ್ಳುವುದು ಸುಲಭ.

ಒಪ್ಪಿಕೊಳ್ಳುವ ವಾಕ್ಯ

ಉತ್ತರದ ಮೊದಲ ವಾಕ್ಯ ಅವರ ಉತ್ಪ್ರೇಕ್ಷೆಯೊಳಗೆ ಕಾಲಿಡಬೇಕು. ಅವರು ಕಟ್ಟಿದ ಸುಳ್ಳು ಲೋಕವನ್ನು ನೀವು ಇನ್ನೊಂದು ಗೇಣು ಬೆಳೆಸಿದರೆ ಸಾಕು.

"ಅರ್ಧ ದಿನ ಸಾಲಲ್ಲ, ಎರಡನೇ ಭಾಗ ಇನ್ನೂ ಬಾಕಿ ಇದೆ."

ಇಷ್ಟಕ್ಕೇ ನಿಲ್ಲಿಸಿದರೂ ಇದು ಒಳ್ಳೆಯ ಉತ್ತರವೇ. ನಿಮಗೆ ನೋವಾಗಿಲ್ಲ, ಆಟಕ್ಕೆ ಬಂದಿದ್ದೀರಿ ಎಂದು ಅವರಿಗೆ ಗೊತ್ತಾಗುತ್ತದೆ. ಇದನ್ನು ಸಮಮಟ್ಟದ ಉತ್ತರ ಎನ್ನೋಣ. ಏನೂ ಹೊಳೆಯದ ದಿನ, ಪಕ್ಕದಲ್ಲಿ ಬೇರೆಯವರಿದ್ದಾಗ, ಅವರ ಮನಸ್ಥಿತಿ ಹೇಗಿದೆ ಎಂದು ಅಂದಾಜು ಸಿಗದಾಗ, ಸಮಮಟ್ಟದ ಉತ್ತರ ಕೊಟ್ಟು ಸುಮ್ಮನಾಗುವುದೇ ಸರಿ.

ಇಲ್ಲಿ ತಿರುಗೇಟು ಕೊಡುವ ಆಸೆ ಬರುತ್ತದೆ. "ನೀನೇನು ಕಡಿಮೆನಾ, ನಿನ್ನ ಮೆಸೇಜಿಗೆ ತಲೆಬುಡ ಇರಲ್ಲ" ಎಂಬ ಥರದ್ದು. ಹಳೆಯ ಗೆಳೆಯರ ನಡುವೆ ಇದು ನಡೆಯುತ್ತದೆ. ಕ್ರಶ್ ಜತೆಗೆ ಇದರಿಂದ ಆಗುವ ತೊಂದರೆ ಎಂದರೆ ಮಾತು ಪಂದ್ಯವಾಗಿಬಿಡುತ್ತದೆ. ಪಂದ್ಯದಲ್ಲಿ ಇಬ್ಬರೂ ಗೆಲ್ಲಲು ನೋಡುತ್ತಾರೆ, ಹತ್ತಿರ ಬರಲು ಯಾರೂ ನೋಡುವುದಿಲ್ಲ. ತಿರುಗಿ ಕಾಲೆಳೆಯಲೇಬೇಕೆನಿಸಿದರೆ ಅವರು ತಾವೇ ಹೇಳಿಕೊಂಡು ನಗುವ ವಿಷಯವನ್ನು ಆರಿಸಿಕೊಳ್ಳಿ: ಅವರ ಬೀಗದ ಕೈ ಕಳೆಯುವ ಚಾಳಿ, ಅಲಾರಂ ಆರು ಸಲ ಮುಂದೂಡುವುದು, ಇಂಥವು. ಮೈ, ಬಣ್ಣ, ತೂಕ, ಮನೆಯವರು, ದುಡ್ಡು, ಭಾಷೆಯ ಉಚ್ಚಾರ, ಹಳೆಯ ಪ್ರೀತಿ, ಇವುಗಳ ಹತ್ತಿರ ಹೋಗಬೇಡಿ. ಅವರೇ ಅದರ ಬಗ್ಗೆ ತಮಾಷೆ ಮಾಡಿಕೊಂಡಿದ್ದರೂ ಅದು ಅವರ ಹಕ್ಕು, ನಿಮಗೆ ಕೊಟ್ಟ ಅನುಮತಿಯಲ್ಲ.

ಮೆಟ್ಟಿಲು ಎಂದರೆ ಏನು

ಕಾಲೆಳೆಯುವ ಮಾತು ಯಾವುದರ ಬಗ್ಗೆ ಇದೆ ಎನ್ನುವುದರ ಮೇಲೆ ಅದರ ಎತ್ತರ ನಿಲ್ಲುತ್ತದೆ. ಕೆಳಗಿನಿಂದ ಎಣಿಸಿದರೆ ಹೀಗೆ. ನೆಲದ ಮೇಲಿರುವುದು ವಸ್ತು ಅಥವಾ ಸಂಗತಿ, ಇಲ್ಲಿ ಮೆಸೇಜಿನ ಉದ್ದ. ಅದರ ಮೇಲಿನ ಮೆಟ್ಟಿಲು ಗಮನ: ಅವರು ನಿಮ್ಮನ್ನು, ನೀವು ಅವರನ್ನು ಗಮನಿಸಿದ್ದೀರಿ ಎಂಬುದು. ಅದರ ಮೇಲೆ "ನಾವಿಬ್ಬರು": ಇಬ್ಬರಿಗೆ ಮಾತ್ರ ಗೊತ್ತಿರುವ ತಮಾಷೆ, ಪುಟ್ಟ ಪಂಥ, ಸುಳ್ಳು ನಿಯಮ. ಅದಕ್ಕೂ ಮೇಲೆ ಭೇಟಿ, ಅಂದರೆ ಎಲ್ಲಿ ಯಾವಾಗ ಸಿಗುವುದು ಎಂಬ ಮಾತು. ತುದಿಯಲ್ಲಿ ಭಾವನೆ, "ನೀನು ನಂಗಿಷ್ಟ" ಎನ್ನುವುದು.

ಅವರು ಯಾವ ಮೆಟ್ಟಿಲ ಮೇಲೆ ನಿಂತು ಮಾತಾಡಿದರೋ ಅಲ್ಲೇ ನಿಂತು ಮೊದಲ ವಾಕ್ಯ ಹೇಳಿ, ಎರಡನೇ ವಾಕ್ಯದಲ್ಲಿ ಅದರ ಮೇಲಿನ ಒಂದನ್ನು ಮಾತ್ರ ಮುಟ್ಟಿ. ನಮ್ಮ ಉದಾಹರಣೆಯಲ್ಲಿ ಅವರು ನೆಲದ ಮೇಲಿದ್ದಾರೆ, ಹಾಗಾಗಿ ನೀವು ಮುಟ್ಟಬೇಕಾದ್ದು ಗಮನ:

"ಅರ್ಧ ದಿನ ಸಾಲಲ್ಲ, ಎರಡನೇ ಭಾಗ ಇನ್ನೂ ಬಾಕಿ ಇದೆ. ಆದ್ರೂ ಪೂರ್ತಿ ಕೇಳಿದ್ದೀಯ ಅನ್ನೋದು ಗೊತ್ತಾಯ್ತು."

ಇದನ್ನು ಬೇರೆ ಎರಡು ಉತ್ತರಗಳ ಪಕ್ಕ ಇಟ್ಟು ನೋಡಿ. "ರಜೆ ಹಾಕು, ಎದುರಿಗೇ ಕೂತು ಹೇಳ್ತೀನಿ" ಎಂದರೆ ನೆಲದಿಂದ ಒಮ್ಮೆಗೇ ಭೇಟಿಗೆ ಹಾರಿದಂತೆ. "ನನ್ನ ದನಿ ಅಷ್ಟೊಂದು ಇಷ್ಟಾನಾ?" ಎಂದರೆ ತುದಿಗೇ ಹೋದಂತೆ. ಎರಡೂ ಕೆಟ್ಟ ಸಾಲುಗಳಲ್ಲ, ಎರಡು ವಾರದ ನಂತರ ಇವೇ ಸಾಲುಗಳು ಚೆನ್ನಾಗಿ ಕೂರಬಹುದು. ಈಗ ಮಾತ್ರ ಬೇಡ. ಸಣ್ಣ ಮೆಟ್ಟಿಲಿಗೆ ಒಂದು ಗುಣ ಇದೆ: ಅದನ್ನು ಅವರು ಬರೀ ತಮಾಷೆ ಎಂದು ತೆಗೆದುಕೊಂಡು ಮುಂದೆ ಹೋಗಬಹುದು. "ಪೂರ್ತಿ ಕೇಳಿದ್ದೀಯ" ಎಂಬುದಕ್ಕೆ "ಇಲ್ಲ" ಎಂದರೂ ಯಾರ ಮುಖವೂ ಸಪ್ಪಗಾಗುವುದಿಲ್ಲ. "ಇಷ್ಟಾನಾ?" ಎಂಬುದಕ್ಕೆ "ಇಲ್ಲ" ಎನ್ನಬೇಕಾದರೆ ಅವರು ನಿಮ್ಮನ್ನು ನೋಯಿಸಬೇಕು, ಅಥವಾ ಸುಮ್ಮನಾಗಿಬಿಡಬೇಕು. ಹೆಚ್ಚಿನವರು ಸುಮ್ಮನಾಗುತ್ತಾರೆ.

ಉದ್ದದ ವಿಷಯದಲ್ಲಿ ನಿಯಮ ಸರಳ: ಎರಡು ವಾಕ್ಯ. ಮೂರನೆಯದು ಬರುತ್ತಿದೆ ಎಂದರೆ ಅದು ಬಹುಪಾಲು ವಿವರಣೆ ಆಗಿರುತ್ತದೆ ("ತಮಾಷೆಗೆ ಹೇಳ್ದೆ", "ಬೇಜಾರು ಮಾಡ್ಕೋಬೇಡ"), ಅದನ್ನು ಅಳಿಸಿ. ಸ್ಟಿಕರ್‌ಗಳ ಸಾಲನ್ನೂ ಅಳಿಸಿ. ಒಂದು ನಗುಮುಖ ಸಾಕು.

ಏಕವಚನ-ಬಹುವಚನದ ಬಗ್ಗೆ ಒಂದು ಮಾತು. ನೀವಿಬ್ಬರೂ ಇನ್ನೂ "ನೀವು" ಎಂದು ಮಾತಾಡುತ್ತಿದ್ದರೆ ತಮಾಷೆಯ ಭರದಲ್ಲಿ "ನೀನು"ಗೆ ಇಳಿಯಬೇಡಿ. ಅದೇ ಒಂದು ದೊಡ್ಡ ಮೆಟ್ಟಿಲು. ಮೇಲಿನ ಉತ್ತರದ ಜತೆ ಅದೂ ಸೇರಿದರೆ ಒಂದೇ ಉಸಿರಿಗೆ ಎರಡು ಏರಿದ ಹಾಗೆ. "ಪೂರ್ತಿ ಕೇಳಿದ್ದೀರ ಅನ್ನೋದು ಗೊತ್ತಾಯ್ತು" ಎಂದರೂ ಅಷ್ಟೇ ತುಂಟತನ ಇರುತ್ತದೆ, ಕೆಲವೊಮ್ಮೆ ಹೆಚ್ಚೇ.

ಅವರ ಮುಂದಿನ ಮಾತನ್ನು ಓದುವುದು

ನೀವಿಟ್ಟ ಹೆಜ್ಜೆ ನಿಂತಿತೋ ಜಾರಿತೋ ಎಂದು ಹೇಳುವುದು ಅವರ ಮರುಮಾತು. ಉತ್ತರ ಎಷ್ಟು ಬೇಗ ಬಂತು ಎಂದು ಲೆಕ್ಕ ಹಾಕುತ್ತ ಕೂರಬೇಡಿ, ಫೋನ್ ಕೈಲಿಲ್ಲದೆ ಇರುವುದಕ್ಕೆ ಸಾವಿರ ಕಾರಣ. ಬಂದ ಉತ್ತರದಲ್ಲಿ ಏನಿದೆ ಎಂದು ನೋಡಿ. ಮೂರು ಬಗೆಯಲ್ಲಿ ಬರಬಹುದು.

ಮೊದಲನೆಯದು ಹೀಗೆ: "ಪೂರ್ತಿ ಯಾರು ಕೇಳಿದ್ರು? ಒಂದೂವರೆ ಸ್ಪೀಡಲ್ಲಿ ಓಡಿಸ್ದೆ."

ಮೇಲ್ನೋಟಕ್ಕೆ ಇದು ಅಲ್ಲಗಳೆಯುವ ಮಾತು. ಆದರೆ ಗಮನಿಸಿ, ಅವರು ಹೊಸ ವಿವರ ಸೇರಿಸಿದ್ದಾರೆ, ಮತ್ತು ಮಾತು ಈಗ ಮೆಸೇಜಿನ ಉದ್ದದ ಬಗ್ಗೆ ಅಲ್ಲ, ತಾವು ಅದನ್ನು ಹೇಗೆ ಕೇಳಿದರು ಎಂಬುದರ ಬಗ್ಗೆ. ಅಂದರೆ ನಿಮ್ಮ ಮೆಟ್ಟಿಲಿಗೆ ಅವರೂ ಬಂದು ನಿಂತಿದ್ದಾರೆ. ಹೊಸ ವಿವರ ಬಂದರೆ ಮೆಟ್ಟಿಲು ಗಟ್ಟಿ. ಇದಕ್ಕಿಂತ ನಂಬಿಕೆಯ ಗುರುತು ಇನ್ನೊಂದಿಲ್ಲ.

ಎರಡನೆಯದು ಬರೀ "ಹಹಹ", ಅಥವಾ "ಹೂಂ ಕೇಳಿದೆ". ಇದರಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ಮತ್ತೆ ಏರಬೇಡಿ, ಅದೇ ತಮಾಷೆಯನ್ನು ಇನ್ನೊಮ್ಮೆ ಹಿಂಡಬೇಡಿ, "ಬೇಜಾರಾಯ್ತಾ?" ಎಂದಂತೂ ಕೇಳಲೇಬೇಡಿ. ವಾಯ್ಸ್ ಮೆಸೇಜಿನಲ್ಲಿ ಏನು ಹೇಳಿದ್ದಿರೋ ಆ ವಿಷಯಕ್ಕೆ ಮಾತು ತಿರುಗಿಸಿ. ಮುಂದಿನ ಕಾಲೆಳೆತ ಅವರಿಂದಲೇ ಬರಲಿ.

ಮೂರನೆಯದು: "ಇಲ್ಲಪ್ಪ, ನಿಜವಾಗ್ಲೂ ತುಂಬ ಉದ್ದ ಆಗುತ್ತೆ. ಟೈಪ್ ಮಾಡು." ಇದು ದೂರು. ಹೇಳಿದ್ದನ್ನೇ ಎರಡನೇ ಸಲ ಹೇಳಿದ್ದಾರೆ, ಮತ್ತು ಈ ಸಲ ಉತ್ಪ್ರೇಕ್ಷೆ ಉದುರಿಹೋಗಿದೆ. ಮೊದಲಿಂದಲೂ ಇದು ಸ್ವಲ್ಪ ದೂರೇ ಆಗಿತ್ತು, ತಮಾಷೆಯ ಅಂಗಿ ತೊಡಿಸಿದ್ದರು ಅಷ್ಟೆ. "ಸರಿ, ಇನ್ಮೇಲೆ ಟೈಪ್ ಮಾಡ್ತೀನಿ" ಎಂದು ಹೇಳಿ, ಹಾಗೇ ಮಾಡಿ. ನಗಿಸಲು ಹೋಗಬೇಡಿ. ಹೇಳಿದ್ದನ್ನು ಕೇಳಿಸಿಕೊಳ್ಳುವವರು ಎಂಬ ಭಾವನೆ ಮೂಡಿದರೆ ಅದು ಹತ್ತು ಚುರುಕು ಉತ್ತರಗಳಿಗೆ ಸಮ.

ಮೊದಲ ಬಗೆಯ ಉತ್ತರ ಬಂದರೆ ಮುಂದೇನು

ಒಂದೂವರೆ ಸ್ಪೀಡಿನ ಉತ್ತರ ಬಂದಿದೆ ಎಂದುಕೊಳ್ಳೋಣ. ಈಗ ಗಮನದ ಮೆಟ್ಟಿಲ ಮೇಲೆ ಇಬ್ಬರೂ ಇದ್ದೀರಿ, ಮೇಲಿನದು "ನಾವಿಬ್ಬರು". ಇಲ್ಲಿ ಬಲು ಉಪಯೋಗದ ಒಂದು ವಿಧಾನ ಇದೆ: ಸುಳ್ಳು ನಿಯಮ ಮಾಡಿ, ದಂಡ ಏನೆಂದು ಅವರೇ ನಿರ್ಧರಿಸಲಿ ಎಂದು ಬಿಡುವುದು.

"ಒಂದೂವರೆ ಸ್ಪೀಡಲ್ಲಿ ನನ್ನ ದನಿ ಇಲಿ ಥರ ಕೇಳಿರ್ಬೇಕು. ಇನ್ಮೇಲೆ ಎರಡು ನಿಮಿಷ ದಾಟಿದ್ರೆ ದಂಡ, ಏನು ದಂಡ ಅಂತ ನೀನೇ ಹೇಳು."

ಮೊದಲ ವಾಕ್ಯ ಅವರ ವಿವರವನ್ನು ಒಪ್ಪಿಕೊಂಡಿತು. ಎರಡನೆಯದು ಇಬ್ಬರ ನಡುವೆ ಒಂದು ಒಪ್ಪಂದ ತಂದಿತು. ಮುಂದಿನ ಎತ್ತರ ಎಷ್ಟು ಎಂಬುದನ್ನು ಈಗ ಅವರೇ ತೀರ್ಮಾನಿಸುತ್ತಾರೆ. "ದಂಡ ಅಂದ್ರೆ ಒಂದು ವಾರ ವಾಯ್ಸ್ ಮೆಸೇಜ್ ಬಂದ್" ಎಂದರೆ ಇದೇ ಮೆಟ್ಟಿಲಲ್ಲಿ ಆಟ ಮುಂದುವರಿಯಲಿ ಎಂದರ್ಥ. ಆಗ ಮಾರನೆಯ ದಿನ ಮೂರೇ ಪದದ ಮೆಸೇಜ್ ಟೈಪ್ ಮಾಡಿ ಕಳಿಸಿ, "ಬದುಕಿದ್ದೀನಿ. ದಂಡ ನಡೀತಿದೆ." ಎಂದು. "ಮುಂದಿನ ಸಲ ಎದುರಿಗೇ ಹೇಳ್ಬೇಕು, ಅದೇ ದಂಡ" ಎಂದರೆ ಅವರೇ ಭೇಟಿಯ ಮೆಟ್ಟಿಲಿಗೆ ಕಾಲಿಟ್ಟಿದ್ದಾರೆ. ಇಂಥ ಹೊತ್ತಲ್ಲಿ ತಮಾಷೆ ಮುಂದುವರಿಸಿ ಅವಕಾಶ ಕಳೆದುಕೊಳ್ಳುವವರು ಬಹಳ. ಆಟ ಅಲ್ಲಿಗೆ ಸಾಕು. "ದಂಡ ಕಟ್ಟೋಕೆ ರೆಡಿ. ಶನಿವಾರ ಸಂಜೆ ಆಗುತ್ತಾ?" ಎಂದು ದಿನ ಹೇಳಿ ನೇರವಾಗಿ ಕೇಳಿ.

ಒಂದು ಮಾತುಕತೆಗೆ ಒಂದು ಮೆಟ್ಟಿಲು, ತೀರಾ ಚೆನ್ನಾಗಿ ನಡೆದರೆ ಎರಡು. ಇಲ್ಲಿಗೆ ಎರಡಾಯಿತು. ಇನ್ನು ನಗು ಜೋರಾಗಿರುವಾಗಲೇ ಮಾತು ನಿಲ್ಲಿಸಿ ಬೇರೆ ಕೆಲಸಕ್ಕೆ ಹೋಗಿ. ಎರಡು ಮೂರು ದಿನ ಬಿಟ್ಟು "ದಂಡ" ಎಂಬ ಪದ ಮತ್ತೆ ಎಲ್ಲಾದರೂ ಬರಲಿ. ಹಳೆಯ ತಮಾಷೆಯನ್ನು ಸರಿಯಾದ ಜಾಗದಲ್ಲಿ ನೆನಪಿಸುವುದೇ ಒಂದು ಸಣ್ಣ ಮೆಟ್ಟಿಲು, ಅದನ್ನು ನೀವು ಜೋಪಾನ ಮಾಡಿದ್ದೀರಿ ಎಂದು ಅದು ಹೇಳುತ್ತದೆ. ಒಂದೇ ದಿನದಲ್ಲಿ ಮೂರು ಸಲ ತಂದರೆ ಸವೆದುಹೋಗುತ್ತದೆ.

ಬರಹದಲ್ಲಿ ದನಿ ಇರುವುದಿಲ್ಲ

ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಇಮೇಲ್ ಬಗ್ಗೆ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ತಮ್ಮ ವ್ಯಂಗ್ಯ, ತಮಾಷೆ ಓದುವವರಿಗೆ ತಿಳಿದೇ ತಿಳಿಯುತ್ತದೆ ಎಂದು ಬರೆಯುವವರು ನಂಬಿರುತ್ತಾರೆ, ನಿಜಕ್ಕೂ ತಿಳಿಯುವುದು ಅದಕ್ಕಿಂತ ಕಡಿಮೆ. ಬರೆಯುವಾಗ ನಮ್ಮ ತಲೆಯಲ್ಲಿ ನಮ್ಮದೇ ದನಿ ಕೇಳುತ್ತಿರುತ್ತದೆ, ಓದುವವರಿಗೆ ಅದು ಕೇಳುವುದಿಲ್ಲ. "ಓ, ಕೇಳಿದೆಯಾ" ಎಂದು ನೀವು ನಗುತ್ತಾ ಬರೆದದ್ದು ಅಲ್ಲಿ ಚುಚ್ಚುಮಾತಾಗಿ ತಲುಪಬಹುದು. ಅದಕ್ಕೇ ಮೆಸೇಜಿನಲ್ಲಿ ತಮಾಷೆ ಎಂಬುದು ಪದಗಳಲ್ಲೇ ಕಾಣಬೇಕು. ನಿಜವಾಗಲು ಸಾಧ್ಯವೇ ಇಲ್ಲದಷ್ಟು ದೊಡ್ಡ ಉತ್ಪ್ರೇಕ್ಷೆ ಒಂದು ದಾರಿ. ಸರ್ಕಾರಿ ಕನ್ನಡ ಇನ್ನೊಂದು: "ತಮ್ಮ ದೂರನ್ನು ಸ್ವೀಕರಿಸಲಾಗಿದೆ. ಸಂಬಂಧಪಟ್ಟ ಬಾಯಿಗೆ ನೋಟಿಸ್ ಕಳುಹಿಸಲಾಗುವುದು." ಇದನ್ನು ಸಿಟ್ಟಿನ ಮಾತು ಎಂದು ತಪ್ಪು ತಿಳಿಯುವುದು ಕಷ್ಟ. ಆದರೆ ಹಿಂದಿನ ದಿನವಷ್ಟೇ ಇಬ್ಬರ ನಡುವೆ ಸಣ್ಣ ಮುನಿಸು ಆಗಿದ್ದರೆ ಇದೇ "ತಮ್ಮ" ಎಂಬುದು ತಣ್ಣಗೆ ಕೊರೆಯುತ್ತದೆ, ಆ ದಿನ ಬೇಡ.

ಎದುರಾಎದುರು ಮಾತಾಡುವಾಗ ಕಷ್ಟ ಬೇರೆ. ಅಲ್ಲಿ ದನಿ ಇದೆ, ನಗು ಇದೆ, ಸಮಯ ಇಲ್ಲ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟಿತ್ತು. ಅಷ್ಟರಲ್ಲಿ ಎರಡು ವಾಕ್ಯ ಹೆಣೆಯಲು ಯಾರಿಗೂ ಆಗದು. ಹಾಗಾಗಿ ಒಪ್ಪಿಕೊಳ್ಳುವ ಒಂದು ಸಾಲು ನಾಲಿಗೆಯ ತುದಿಯಲ್ಲಿರಲಿ: "ಅಯ್ಯೋ, ಸಿಕ್ಕಿಬಿದ್ದೆ." ಇದು ಯಾವ ಕೀಟಲೆಗೂ ಹೊಂದುತ್ತದೆ. ಏರುವ ವಾಕ್ಯ ಆಗಲೇ ಹೊಳೆಯದಿದ್ದರೆ ಹತ್ತು ನಿಮಿಷ ಬಿಟ್ಟು ಹೇಳಿದರೂ ನಡೆಯುತ್ತದೆ. ಸುತ್ತ ಜನ ಇದ್ದರೆ ಏರುವುದೇ ಬೇಡ. ನಾಲ್ಕು ಜನರ ಮುಂದೆ ಮೆಟ್ಟಿಲೇರಿದರೆ ಉತ್ತರ ಕೊಡುವುದು ಅವರಲ್ಲ, ನೋಡುತ್ತಿರುವವರ ಎದುರಿನ ಅವರ ಮುಜುಗರ.

ಎಲ್ಲಿ ಏರಬಾರದು

ಕಾಲೆಳೆದ ಮಾತ್ರಕ್ಕೆ ಇಷ್ಟ ಎಂದಲ್ಲ. ಎಲ್ಲರನ್ನೂ ಹೀಗೇ ರೇಗಿಸುವ ಸ್ವಭಾವ ಇರಬಹುದು. ನಿಮ್ಮನ್ನು ಗಮನಿಸಿದವರಿಗೆ ಮಾತ್ರ ಗೊತ್ತಿರುವ ವಿಷಯ ಹಿಡಿದು ಎಳೆಯುತ್ತಿದ್ದಾರೋ, ಯಾರಿಗಾದರೂ ಹೇಳಬಹುದಾದ ಮಾತೋ ಎಂದು ನೋಡಿ. ಎರಡನೆಯದಾದರೆ ಸಮಮಟ್ಟದಲ್ಲೇ ಕೆಲವು ದಿನ ಇರಿ.

ಅವರು ಕೆಲಸದಲ್ಲಿ ನಿಮ್ಮ ಕೈಕೆಳಗಿದ್ದರೆ, ಅಥವಾ ಅವರ ಅಂಕ, ಸಂಬಳ, ರಜೆ ನಿಮ್ಮ ಸಹಿಯ ಮೇಲೆ ನಿಂತಿದ್ದರೆ, ಮೆಟ್ಟಿಲು ಏರಲೇಬೇಡಿ. ಅವರ ನಗುವಿನಲ್ಲಿ ಒಪ್ಪಿಗೆ ಎಷ್ಟು, ಅಂಜಿಕೆ ಎಷ್ಟು ಎಂದು ನಿಮಗೆ ತಿಳಿಯುವ ದಾರಿಯೇ ಇಲ್ಲ.

ಅವರ ತಮಾಷೆಯೇ ನಿಮಗೆ ನೋವು ಕೊಟ್ಟರೆ ನಗುವ ನಾಟಕ ಮಾಡಬೇಕಾಗಿಲ್ಲ. "ಇದೊಂದು ಬೇಡ, ಬೇರೆ ಯಾವುದಕ್ಕಾದ್ರೂ ಕಾಲೆಳಿ" ಎಂದು ಒಮ್ಮೆ ನೇರವಾಗಿ ಹೇಳಿ. ಇದರಲ್ಲಿ ಬೇಲಿಯೂ ಇದೆ, ಆಟಕ್ಕೆ ಬಾಗಿಲೂ ಇದೆ. ಹೇಳಿದ ಮೇಲೂ ಅದೇ ಜಾಗಕ್ಕೆ ಬೆರಳಿಡುವವರಾದರೆ ಅವರ ಮಾತಿಗೆ ಚುರುಕು ಉತ್ತರ ಹುಡುಕುವ ಅಗತ್ಯವೇ ಇಲ್ಲ.

ಕಾಲು ಜಾರಿದರೆ

ಎಷ್ಟು ಎಚ್ಚರ ಇದ್ದರೂ ಒಮ್ಮೊಮ್ಮೆ ಎರಡು ಮೆಟ್ಟಿಲು ಹಾರಿಬಿಡುತ್ತೇವೆ. ಅವರ ಉತ್ತರ ತಟ್ಟನೆ ಚಿಕ್ಕದಾಗುತ್ತದೆ, ಹೊಸ ವಿವರ ಬರುವುದಿಲ್ಲ, ವಿಷಯ ಬದಲಾಗುತ್ತದೆ, ಎದುರಿಗಿದ್ದರೆ ನಗು ತುಟಿಯಲ್ಲೇ ನಿಂತು ನೋಟ ಪಕ್ಕಕ್ಕೆ ಹೊರಳುತ್ತದೆ. ಆಗ ಉದ್ದನೆಯ ಕ್ಷಮೆ ಕೇಳಬೇಡಿ, ಅದನ್ನು ಸಮಾಧಾನ ಮಾಡುವ ಕೆಲಸ ಮತ್ತೆ ಅವರ ತಲೆಗೇ ಬೀಳುತ್ತದೆ. "ಅದು ಸ್ವಲ್ಪ ಜಾಸ್ತಿ ಆಯ್ತು, ವಾಪಸ್ ತಗೊಂಡೆ" ಎಂಬ ಒಂದೇ ಸಾಲು ಸಾಕು. ಕೂಡಲೇ ಮಾಮೂಲಿ ವಿಷಯಕ್ಕೆ ಬನ್ನಿ, ಅವರು ಉತ್ತರಿಸದೆಯೂ ಇರಬಹುದಾದಂಥ ಮಾತಿಗೆ. ಮುಂದಿನ ಕೆಲವು ದಿನ ನೀವಾಗಿ ಕಾಲೆಳೆಯಬೇಡಿ. ಅವರು ಮತ್ತೆ ಏನಾದರೂ ಹಿಡಿದು ರೇಗಿಸಿದರೆ ಸರಿಹೋಯಿತು ಎಂದು ತಿಳಿಯಿರಿ, ಆ ಮೊದಲ ಸಲಕ್ಕೆ ಮಾತ್ರ ಸಮಮಟ್ಟದ ಉತ್ತರ ಕೊಟ್ಟು ನಿಲ್ಲಿಸಿ. ರೇಗಿಸದೆ ಬರೀ ಸೌಜನ್ಯದ ಮಾತಷ್ಟೇ ಉಳಿದರೆ, ಅವರು ನಿಲ್ಲಲು ಇಷ್ಟಪಡುವ ಜಾಗ ಅದು, ಅಲ್ಲೇ ಜತೆಗೆ ನಿಲ್ಲಿ.